ಆರು ಸೀರೆ, ನಲವತ್ತೊಂದು ಉಂಡಿ

ಸಂಶಿಯ ಬಟ್ಟೆ ವ್ಯಾಪಾರಿ ಕುಬೇರಪ್ಪನಿಗೆ ಬಾಯಿಮಾತಿನ ಮೇಲೆ ನಂಬಿಕೆ ಇರಲಿಲ್ಲ. ಏನಿದ್ದರೂ ಕಾಗದದ ಮೇಲೆ ಬರಬೇಕು. ಕರೆಂಟು ಹೋದರೆ ಕುಂದಗೋಳಕ್ಕೆ ಒಂದು ಅರ್ಜಿ, ಬಸ್ಸು ತಡವಾದರೆ ಹುಬ್ಬಳ್ಳಿಗೆ ಒಂದು ಅರ್ಜಿ. ಎದುರಿನ ಚಹಾದಂಗಡಿಯ ಗುಲಾಮಹುಸೇನ ಮುಂದಿನ ಸೋಮವಾರದಿಂದ ಪಾತ್ರೆ ತೊಳೆದ ನೀರು ರಸ್ತೆಗೆ ಚೆಲ್ಲುವುದಿಲ್ಲ ಎಂದರೂ ಅದನ್ನು ಬರೆದುಕೊಡು ಎಂದು ಕೂತಿದ್ದ ಮನುಷ್ಯ. ಗುಲಾಮಹುಸೇನ ಬರೆದುಕೊಟ್ಟ, ನೀರು ಚೆಲ್ಲುವುದನ್ನೂ ಬಿಡಲಿಲ್ಲ. ಕಾಗದ ಮಾತ್ರ ಕುಬೇರಪ್ಪನ ಗಲ್ಲೆಪೆಟ್ಟಿಗೆಯಲ್ಲಿ ಭದ್ರವಾಗಿತ್ತು.

ಇಂಥವನು ತಾನು ಸಹಿ ಮಾಡುವಾಗ ಮಾತ್ರ ಏನನ್ನೂ ನೋಡುತ್ತಿರಲಿಲ್ಲ. ಅವನ ಸಹಿ ಉದ್ದವಾಗಿತ್ತು, ಕೊನೆಗೆ ಎರಡು ಗೆರೆ, ಗೆರೆಯ ನಡುವೆ ಮೂರು ಚುಕ್ಕಿ. ಅದನ್ನು ಹಾಕುವ ಸುಖದಲ್ಲಿ ಮೇಲಿನದನ್ನು ಓದಲು ಅವನಿಗೆ ಪುರುಸೊತ್ತು ಸಿಗುತ್ತಿರಲಿಲ್ಲ.

ಎಂಬತ್ತೆಂಟನೆಯ ಇಸವಿಯ ಶ್ರಾವಣ. ಪಂಚಮಿ ಹತ್ತಿರ ಬಂದಿತ್ತು. ಪಂಚಮಿಯೆಂದರೆ ನಮ್ಮ ಕಡೆ ಅಣ್ಣತಮ್ಮಂದಿರು ಅಕ್ಕತಂಗಿಯರಿಗೆ ಸೀರೆ ಕೊಡುವ ಹಬ್ಬ, ಅಂದಮೇಲೆ ಬಟ್ಟೆಯಂಗಡಿಯವನಿಗೆ ವರ್ಷದ ಸುಗ್ಗಿ. ಆ ವರ್ಷ ಹುಬ್ಬಳ್ಳಿಯ ಹೆಂಗಸರು ಟೀವಿಯಲ್ಲಿ ಕಂಡ ದೊಡ್ಡ ಹೂವಿನ ಸೀರೆ ಉಡತೊಡಗಿದ್ದರು, ಆ ಸುದ್ದಿ ಬಸ್ಸು ಹತ್ತಿ ಸಂಶಿಗೂ ಬಂದಿತ್ತು. ಕುಬೇರಪ್ಪ ಮುಂಬಯಿಯ ಸಗಟು ವ್ಯಾಪಾರಿಗೆ ಬರೆದು ಅಂಥ ಆರು ಸೀರೆ ತರಿಸಿದ. ಲಾರಿಯಲ್ಲಿ ಹಾಕಿದರೆ ಮಳೆಗಾಲದಲ್ಲಿ ಹದಿನೈದು ದಿನ, ಹಬ್ಬ ಮುಗಿದ ಮೇಲೆ ಬಂದು ಮುಟ್ಟುತ್ತದೆ. ಹಾಗಾಗಿ ಮೊದಲ ಬಾರಿಗೆ ಕೊರಿಯರ್. ಗರುಡಗಾಮಿ ಕೊರಿಯರ್ ಸರ್ವಿಸ್, ಹುಬ್ಬಳ್ಳಿ ಶಾಖೆ. ಬುಕ್ ಮಾಡಿದ ರಸೀದಿಯ ಪ್ರತಿಯೂ ಬಿಲ್ಲೂ ಅಂಚೆಯಲ್ಲಿ ಮುಂದಾಗಿಯೇ ಬಂದವು. ನಂಬರು 4417, ಆರು ಸೀರೆ, ತೂಕ ಮೂರು ಕಿಲೋ ಇನ್ನೂರು ಗ್ರಾಂ. ಕುಬೇರಪ್ಪ ರಸೀದಿಯನ್ನು ಗಲ್ಲೆಯಲ್ಲಿಟ್ಟು, ಸೀರೆ ಬರುವ ಸುದ್ದಿಯನ್ನು ಅಂಗಡಿಗೆ ಬಂದ ಹೆಂಗಸರಿಗೆಲ್ಲ ಹೇಳಿದ.

ಸೀರೆಯ ಮಾತು ಬಂದಾಗಲೆಲ್ಲ ಅವನ ಹೆಂಡತಿ ನೀಲಕ್ಕ ಒಳಗೆ ಎದ್ದು ಹೋಗುತ್ತಿದ್ದಳು. ಕಾರಣ ಊರಿಗೆಲ್ಲ ಗೊತ್ತಿತ್ತು. ಊರಿಗೆಲ್ಲ ಪಂಚಮಿ ಸೀರೆ ಮಾರುವ ಕುಬೇರಪ್ಪ ತನ್ನ ಒಬ್ಬಳೇ ತಂಗಿಗೆ ಸೀರೆ ಕೊಡುವುದನ್ನು ಬಿಟ್ಟು ವರ್ಷಗಳಾಗಿದ್ದವು. ತಂಗಿ ಸುಶೀಲವ್ವನನ್ನು ಊರಲ್ಲೇ ಕೊಟ್ಟಿದ್ದರು, ಹಿಂದಿನ ಓಣಿಗೆ. ಅವಳು ತನ್ನ ಮಗನಿಗೆ ಅಣ್ಣನ ಮಗಳನ್ನು ತರಬೇಕೆಂದು ಆಸೆ ಇಟ್ಟುಕೊಂಡಿದ್ದಳು. ಕುಬೇರಪ್ಪ ಮಗಳನ್ನು ಹುಬ್ಬಳ್ಳಿಯ ಬ್ಯಾಂಕಿನ ಗುಮಾಸ್ತನಿಗೆ ಕೊಟ್ಟ. ಸುಶೀಲವ್ವ ಅಂಗಡಿಯ ಮುಂದೆ ನಾಲ್ಕು ಜನ ಕೇಳುವಂತೆ, ಇನ್ನು ಮೇಲೆ ನಿನ್ನ ಸೀರೆ ನನ್ನ ಮೈ ಮುಟ್ಟುವುದಿಲ್ಲ ಎಂದು ಹೇಳಿ ಹೋದಳು. ಸಿಟ್ಟಿನಲ್ಲಿ ಆಡಿದ ಮಾತು, ಪಂಚಮಿಯವರೆಗೂ ಬಾಳುವಂಥದ್ದಲ್ಲ. ಆದರೆ ಜನ್ಮದಲ್ಲಿ ಬಾಯಿಮಾತು ನಂಬದ ಕುಬೇರಪ್ಪ ಆ ಒಂದನ್ನು ಮಾತ್ರ ನಂಬಿದ. ಅವಳು ಬೇಡವೆಂದಳು, ಇವನು ಕೊಡಲಿಲ್ಲ. ಅವಳು ಆ ವರ್ಷ ಬಾಗಿಲು ನೋಡುತ್ತ ಕೂತಿದ್ದಳೆಂದು ನೀಲಕ್ಕ ಹೇಳಿದ್ದಳು. ಅದಕ್ಕೆ ಇವನು, ಬರೆದುಕೊಟ್ಟಾಳೇನು ಎಂದು ಕೇಳಿದ್ದ. ಕುಬೇರಪ್ಪ ಕೆಟ್ಟವನಲ್ಲ, ಆದರೆ ಹೀಗೆ ಮಾತಾಡುವಾಗ ಅವನ ಕಪಾಳಕ್ಕೆ ಒಂದು ಕೊಡಬೇಕೆಂದು ಎಂಥವರಿಗೂ ಅನ್ನಿಸುತ್ತಿತ್ತು.

ನಾಗರ ಅಮಾವಾಸ್ಯೆಯ ದಿನ ಗಂಡ ಹೆಂಡತಿ ಅಂಗಡಿ ಮುಚ್ಚಿ ಹುಬ್ಬಳ್ಳಿಗೆ ಮಗಳ ಮನೆಗೆ ಹೋಗಿದ್ದರು. ಪಾರ್ಸಲ್ ಬಂದದ್ದು ಅವತ್ತೇ. ಆದರೆ ಅದು ಅವರಿಗೆ ತಿಳಿಯಲಿಲ್ಲ. ಮೂರು ದಿನ ಕಾದ ಮೇಲೆ ಕುಬೇರಪ್ಪ ಪೋಸ್ಟಾಫೀಸಿಗೆ ಹೋಗಿ ಹುಬ್ಬಳ್ಳಿ ಶಾಖೆಗೆ ಫೋನು ಹಚ್ಚಿದ. ಅತ್ತ ಕಡೆಯವರು ಪುಸ್ತಕ ತೆಗೆದು ನೋಡಿ, ಹನ್ನೆರಡನೇ ತಾರೀಖಿಗೇ ಮುಟ್ಟಿದೆ, ಸಹಿಯೂ ಆಗಿದೆ ಎಂದರು. ತನಗೆ ಗೊತ್ತಿಲ್ಲದೆ ತನ್ನ ಪಾರ್ಸಲ್ಲಿಗೆ ಸಹಿಯಾಗಿದೆ ಎಂದು ಕೇಳಿ ಕುಬೇರಪ್ಪನ ರಕ್ತ ಕುದಿಯಿತು. ಯಾರ ಸಹಿ ಎಂದೂ ಕೇಳದೆ, ನಾಳೆ ಮಧ್ಯಾಹ್ನದೊಳಗೆ ಪಾರ್ಸಲ್ ಅಂಗಡಿಯಲ್ಲಿರಬೇಕು ಎಂದು ಗುಡುಗಿದ. ಆ ಗುಡುಗು ಫೋನಿಲ್ಲದೆಯೂ ಹುಬ್ಬಳ್ಳಿಗೆ ಕೇಳಿಸಿರಬೇಕು ಎಂದು ಪೋಸ್ಟ್‌ಮಾಸ್ತರು ಆಮೇಲೆ ಹೇಳಿದರು.

ಮರುದಿನ ಚೌತಿ. ಬೆಳಗಿನಿಂದ ಅಂಗಡಿ ತುಂಬಿತ್ತು. ಹನ್ನೊಂದರ ಬಸ್ಸಿಗೆ ಕೊರಿಯರಿನ ಹೊಳೆಯಪ್ಪ ಬಂದ. ವಾರಕ್ಕೆರಡು ಸಲ ಹೆಗಲಿಗೆ ಚೀಲ ಹಾಕಿಕೊಂಡು ಕುಂದಗೋಳ, ಸಂಶಿ ಎಂದು ಬಸ್ಸಿನಲ್ಲಿ ತಿರುಗುವ ಸಣಕಲು ಮನುಷ್ಯ. ಬಸ್ಸಿಳಿದವನು ಸೀದಾ ಅಂಗಡಿಗೆ ಬರಲಿಲ್ಲ. ಹಿಂದಿನ ಓಣಿಗೆ ಹೋಗಿ, ಕಾಲು ತಾಸಿನ ಮೇಲೆ, ಎರಡೂ ಕೈಯಲ್ಲಿ ರಟ್ಟಿನ ಡಬ್ಬಿ ಹಿಡಿದುಕೊಂಡು ಏನನ್ನೋ ಅಗಿಯುತ್ತ ಬಂದ. ಡಬ್ಬಿಗೆ ಸುತ್ತಲೂ ಹೊಸ ದಾರ ಬಿಗಿದಿತ್ತು. ಇಷ್ಟು ದಿನ ಎಲ್ಲಿತ್ತು ಎಂದು ಕುಬೇರಪ್ಪ ಕೇಳಿದ್ದಕ್ಕೆ ಹೊಳೆಯಪ್ಪ, ನಿಮ್ಮವರ ಹತ್ತಿರವೇ ಜೋಪಾನವಾಗಿತ್ತು ಎಂದು ಗೊಣಗಿ ಡೆಲಿವರಿ ಹಾಳೆ ಮುಂದೆ ಮಾಡಿದ. ನಿಮ್ಮವರು ಯಾರು ಎಂದು ಕೇಳಬೇಕಾದ ಮನುಷ್ಯ ಪೆನ್ನು ಕಂಡೊಡನೆ ಅದನ್ನು ಮರೆತ. ಬರೀ ಸಹಿ ಸಾಕಿತ್ತು. ಅವನು ಮಾತ್ರ ‘ಮಾಲು ಸುಸ್ಥಿತಿಯಲ್ಲಿ ಮುಟ್ಟಿತು’ ಎಂದು ತಾನಾಗಿಯೇ ಬರೆದು, ಕೆಳಗೆ ಸಹಿ, ಎರಡು ಗೆರೆ, ಮೂರು ಚುಕ್ಕಿ ಹಾಕಿದ. ಹೊಳೆಯಪ್ಪ ಮರಳುವ ಬಸ್ಸು ಹಿಡಿಯಲು ಓಡಿದ.

ಆಮೇಲೆ ಕುಬೇರಪ್ಪ ಹೆಂಗಸರೆಲ್ಲ ಕಾಣುವ ಹಾಗೆ ಡಬ್ಬಿಯನ್ನು ಬಟ್ಟೆ ಹರಡುವ ಹಾಸಿನ ನಡುವೆ ಇಟ್ಟು, ಮುಂಬಯಿಯ ಮಾಲು ನೋಡ್ರಿ ಎಂದು ದಾರ ಕತ್ತರಿಸಿ ಮುಚ್ಚಳ ತೆಗೆದ. ಒಳಗೆ ಬಾಳೆಲೆ. ಬಾಳೆಲೆಯ ಕೆಳಗೆ ಉಂಡಿ.

ಗೌಡರ ಸೊಸೆ ಬಗ್ಗಿ ನೋಡಿ, ಹೂವಿನ ಡಿಸೈನ್ ಕಾಣುವುದಿಲ್ಲವಲ್ಲ ಎಂದಳು. ಅಂಗಡಿಯಲ್ಲಿ ಎದ್ದ ನಗೆ ಎದುರಿನ ಚಹಾದಂಗಡಿಯವರೆಗೂ ಹೋಯಿತು. ಯಾರೋ ಒಬ್ಬಳು ಕೈ ಹಾಕಿದಳು. ಕುಬೇರಪ್ಪ ಡಬ್ಬಿಯ ಮೇಲೆ ಎರಡೂ ಅಂಗೈ ಇಟ್ಟು, ಯಾರೂ ಮುಟ್ಟಬಾರದು, ಇದು ಪುರಾವೆ ಎಂದ. ಉಂಡಿಗೆ ಆ ಹೆಸರು ಬಂದದ್ದು ಸಂಶಿಯಲ್ಲಿ ಅದೇ ಮೊದಲು.

ಸಂಜೆ ಶಂಕ್ರಪ್ಪ ಮಾಸ್ತರನ್ನು ಕರೆಸಿದ. ಮಾಸ್ತರು ರಿಟೈರಾಗಿ ಐದು ವರ್ಷವಾಗಿತ್ತು. ಊರಿನ ಅರ್ಜಿಗಳೆಲ್ಲ ಅವರ ಕೈಯಿಂದಲೇ ಹೊರಡುತ್ತಿದ್ದವು. ಮೊದಲು ಪುರಾವೆಯನ್ನು ಎಣಿಸಿದರು. ಶೇಂಗಾ ಉಂಡಿ ಹದಿನೆಂಟು, ಎಳ್ಳುಂಡಿ ಹನ್ನೆರಡು, ರವೆ ಉಂಡಿ ಹನ್ನೊಂದು. ಆಮೇಲೆ ಕಿರಾಣಿ ಅಂಗಡಿಯ ತಕ್ಕಡಿ ತರಿಸಿ ಡಬ್ಬಿ ಸಮೇತ ತೂಗಿದರು. ಮೂರು ಕಿಲೋ ನೂರೈವತ್ತು ಗ್ರಾಂ. ರಸೀದಿಯ ತೂಕಕ್ಕೆ ಐವತ್ತು ಗ್ರಾಂ ಮಾತ್ರ ಕಡಿಮೆ. ಇದು ಹವ್ಯಾಸಿ ಕಳ್ಳನ ಕೆಲಸವಲ್ಲ, ತೂಕ ಸರಿಹೊಂದಿಸಿ ಇಟ್ಟಿದ್ದಾನೆ ಎಂದು ಮಾಸ್ತರು ಕನ್ನಡಕ ಒರೆಸಿಕೊಂಡರು. ರಸೀದಿಯ ಹಿಂದೆ ಇರುವೆಯಂಥ ಅಕ್ಷರದಲ್ಲಿ ಇಂಗ್ಲಿಷಿನ ಕರಾರುಗಳಿದ್ದವು. ಅದನ್ನೂ ಅವರು ಓದಿ ಹೇಳಿದರು: ದೂರು ಮೂವತ್ತು ದಿನದೊಳಗೆ ಲಿಖಿತವಾಗಿ ಕೊಡಬೇಕು, ರಸೀದಿ ಮತ್ತು ಬಿಲ್ಲಿನ ನಕಲು ಇರಬೇಕು, ವಿಮೆ ಇಳಿಸದ ಪಾರ್ಸಲ್ ಕಳೆದರೆ ಕಂಪನಿ ನೂರು ರೂಪಾಯಿಗಿಂತ ಹೆಚ್ಚು ಕೊಡುವುದಿಲ್ಲ. ಕುಬೇರಪ್ಪ ರೊಕ್ಕದ ಮಾತು ಬೇಡ ಎಂದ. ನಾಲ್ಕು ಜನರ ಮುಂದೆ ಮಾನ ಹೋಗಿದೆ, ಆರು ಸೀರೆ ಸಿಗಬೇಕು, ಕದ್ದವನ ಹೆಸರು ಕಾಗದದ ಮೇಲೆ ಬರಬೇಕು. ಮಾಸ್ತರು ಬರೆದರು:

‘ಮಾನ್ಯ ವ್ಯವಸ್ಥಾಪಕರು, ಗರುಡಗಾಮಿ ಕೊರಿಯರ್ ಸರ್ವಿಸ್, ಹುಬ್ಬಳ್ಳಿ ಶಾಖೆ, ಇವರಿಗೆ. ವಿಷಯ: ಪಾರ್ಸಲ್ ನಂಬರು 4417ರೊಳಗಿನ ಮಾಲು ಕಾಣೆಯಾದ ಬಗ್ಗೆ. ಮಹಾಶಯರೇ, ಸದರಿ ಪಾರ್ಸಲ್ಲಿನಲ್ಲಿ ಮುಂಬಯಿಯಿಂದ ಆರು ಸೀರೆಗಳು ಹೊರಟಿದ್ದು, ನನಗೆ ನಲವತ್ತೊಂದು ಉಂಡಿಗಳು ಮುಟ್ಟಿರುತ್ತವೆ. ಸದರಿ ಉಂಡಿಗಳನ್ನು ನಾನು ತರಿಸಿರುವುದಿಲ್ಲ. ಅವುಗಳ ವಿವರ ಹಾಗೂ ತೂಕ ಇದರೊಂದಿಗೆ ಲಗತ್ತಿಸಿದೆ. ಜನಸಂದಣಿಯಲ್ಲಿ ಡಬ್ಬಿ ಬಿಚ್ಚದೆ ಸಹಿ ಮಾಡಿರುತ್ತೇನೆ. ಆದ ಕಾರಣ ತಾವು ಕೂಡಲೇ ತನಿಖೆ ನಡೆಸಿ, ಸೀರೆಗಳು ಯಾರ ಕೈ ಸೇರಿವೆಯೋ ಅವರಿಂದ ವಸೂಲು ಮಾಡಿ, ಕೊಡದಿದ್ದಲ್ಲಿ ಅವರ ಮೇಲೆ ಪೊಲೀಸ್ ಕ್ರಮ ಜರುಗಿಸತಕ್ಕದ್ದು. ಅಲ್ಲಿಯವರೆಗೆ ಉಂಡಿಗಳು ನನ್ನ ತಾಬಾದಲ್ಲಿ ಸುರಕ್ಷಿತವಾಗಿರುತ್ತವೆ.’

ಕುಬೇರಪ್ಪ ಎರಡು ಸಲ ಓದಿಸಿ ಕೇಳಿದ. ಪೊಲೀಸ್ ಎಂಬಲ್ಲಿ ಕೆಳಗೆ ಗೆರೆ ಎಳೆಸಿದ. ಹಬ್ಬದ ಮರುದಿನ ರಿಜಿಸ್ಟರ್ ಮಾಡಿ, ಮುಟ್ಟಿದ್ದಕ್ಕೆ ಸಹಿ ಹಾಕಿ ಮರಳಿ ಬರುವ ಚೀಟಿಯನ್ನೂ ಹಚ್ಚಿ ಕಳಿಸಿದ.

ಉಂಡಿಯ ಡಬ್ಬಿ ಪಡಸಾಲೆಯ ಕಪಾಟು ಸೇರಿತು. ಇರುವೆ ಬಾರದಂತೆ ಕಪಾಟಿನ ಕಾಲಿಗೆ ನೀರಿನ ಬಟ್ಟಲು ಇಟ್ಟದ್ದು ನೀಲಕ್ಕ. ಅವಳು ಮೊದಲ ದಿನವೇ ಡಬ್ಬಿಯೊಳಗೆ ಇಣುಕಿ, ರವೆ ಉಂಡಿಯೊಂದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ ಮರಳಿ ಇಟ್ಟಿದ್ದಳು. ಆಮೇಲೆ ಗಂಡನಿಗೆ, ಒಂದು ತಿಂದು ನೋಡ್ರಿ ಎಂದಳು. ಪುರಾವೆ ತಿನ್ನಬಾರದು ಎಂದ. ಎರಡು ದಿನ ಬಿಟ್ಟು ಮತ್ತೆ ಹೇಳಿದಳು. ಕದ್ದವನು ವಿಷ ಹಾಕಿದ್ದರೆ ಎಂದ. ಮೂರನೆಯ ಸಲ ಹೇಳಿದಾಗ ಅವನು ಮಾಸ್ತರ ಪತ್ರದ ನಕಲನ್ನು ತೆಗೆದು ‘ಸುರಕ್ಷಿತವಾಗಿರುತ್ತವೆ’ ಎಂಬ ಸಾಲನ್ನು ಅವಳಿಗೆ ಓದಿ ತೋರಿಸಿದ. ನೀಲಕ್ಕ ಮುಂದೆ ಹೇಳುವುದನ್ನು ಬಿಟ್ಟಳು. ಇಪ್ಪತ್ತೈದು ವರ್ಷ ಸಂಸಾರ ಮಾಡಿದವಳು, ಈ ಮನುಷ್ಯನಿಗೆ ಯಾವುದೂ ಕಾಗದದ ಮೇಲೆ ಬರುವವರೆಗೆ ತಲೆಗೆ ಹೋಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಕಾಗದ ಹತ್ತನೆಯ ದಿನ ಬಂತು. ಅಂಚೆಯಲ್ಲಿ ಬರಲಿಲ್ಲ, ಬಸ್ಸಿನಲ್ಲಿ ಬಂತು. ಕಂಪನಿಯ ಸೂಪರ್‌ವೈಜರ್ ಲಕ್ಷ್ಮಪ್ಪ ಬಗಲಲ್ಲಿ ಫೈಲು ಇಟ್ಟುಕೊಂಡು, ಹಿಂದೆ ಹೊಳೆಯಪ್ಪನನ್ನು ಕರೆದುಕೊಂಡು ಅಂಗಡಿಯ ಮೆಟ್ಟಿಲು ಹತ್ತಿದ. ಹೊಳೆಯಪ್ಪನ ಮುಖ ಬಾಡಿತ್ತು. ಅವನನ್ನು ಕೆಲಸದಿಂದ ನಿಲ್ಲಿಸಿ ನಾಲ್ಕು ದಿನವಾಗಿದೆ, ವಿಚಾರಣೆ ಮುಗಿಯುವವರೆಗೆ ಅಷ್ಟೇ ಎಂದು ಲಕ್ಷ್ಮಪ್ಪ ಕೂರುವ ಮೊದಲೇ ಹೇಳಿದ. ಕುಬೇರಪ್ಪನಿಗೆ ಸಮಾಧಾನವಾಯಿತು. ತನ್ನ ಪತ್ರಕ್ಕೆ ಇಷ್ಟು ಬೇಗ ಫಲ ಸಿಕ್ಕದ್ದು ಇದೇ ಮೊದಲು. ಗುಲಾಮಹುಸೇನನಿಗೆ ಕೂಗಿ ಮೂರು ಚಹಾ ಹೇಳಿದ.

ಲಕ್ಷ್ಮಪ್ಪ ಮೊದಲು ಪುರಾವೆ ನೋಡಬೇಕೆಂದ. ನೀಲಕ್ಕ ಡಬ್ಬಿ ತಂದಿಟ್ಟು ಬಾಗಿಲ ಬಳಿಯೇ ನಿಂತಳು. ಲಕ್ಷ್ಮಪ್ಪ ಪತ್ರದ ಪಟ್ಟಿ ಹಿಡಿದು ಒಂದೊಂದಾಗಿ ಎಣಿಸಿದ. ಶೇಂಗಾ ಹದಿನೆಂಟು, ಸರಿ. ಎಳ್ಳು ಹನ್ನೆರಡು, ಸರಿ. ರವೆ ಹತ್ತು.

‘ಇಲ್ಲಿ ಹನ್ನೊಂದು ಅಂತ ಬರದೀರಿ. ಒಂದು ಕಡಿಮಿ ಐತಲ್ರಿ’ ಎಂದ.

ಕುಬೇರಪ್ಪ ಹೆಂಡತಿಯ ಕಡೆ ನೋಡಿದ. ನೀಲಕ್ಕ ಸೀದಾ ಹೇಳಿದಳು, ‘ನಾ ತಿಂದೀನ್ರಿ.’

ಲಕ್ಷ್ಮಪ್ಪ ಅದನ್ನು ಬರೆದುಕೊಂಡ. ಆಮೇಲೆ ಫೈಲಿನಿಂದ ಒಂದು ಹಾಳೆ ತೆಗೆದು ಕುಬೇರಪ್ಪನ ಮುಂದೆ ಇಟ್ಟ. ಅಮಾವಾಸ್ಯೆಯ ದಿನದ ಡೆಲಿವರಿ ಹಾಳೆಯ ಝೆರಾಕ್ಸ್. ಅವತ್ತು ಅಂಗಡಿ ಮುಚ್ಚಿತ್ತು ಎಂದು ವಿವರಿಸಿದ. ಹೊಳೆಯಪ್ಪ ಎದುರಿನ ಚಹಾದಂಗಡಿಯಲ್ಲಿ ಕೇಳಿ, ಸಂಬಂಧಿಕರ ಮನೆಗೆ ಕೊಟ್ಟು ಸಹಿ ಮಾಡಿಸಿಕೊಂಡಿದ್ದಾನೆ. ಬಾಗಿಲು ಮುಚ್ಚಿದ್ದರೆ ಮನೆಮಂದಿಗೋ ನೆರೆಯವರಿಗೋ ಕೊಡುವ ರೂಢಿ ಇದೆ, ಆದರೆ ಅಂಗಡಿಗೆ ಒಂದು ಚೀಟಿ ಸಿಕ್ಕಿಸಿ ಹೋಗಬೇಕಿತ್ತು, ಬಸ್ಸಿನ ಅವಸರದಲ್ಲಿ ಅದನ್ನು ಮಾಡಿಲ್ಲ, ಅದು ಅವನ ತಪ್ಪು. ಮುಂದೆ ಚೌತಿಯ ದಿನ ಅದೇ ಮನೆಯಿಂದ ಡಬ್ಬಿ ತಂದು ಇಲ್ಲಿ ಕೊಟ್ಟಿದ್ದಾನೆ. ಅಂದಮೇಲೆ ಸೀರೆ ಹೋದದ್ದು ಆ ಮನೆಯಲ್ಲಿ.

ಕುಬೇರಪ್ಪ ಹಾಳೆ ನೋಡಿದ. ನಾಲ್ಕನೆಯ ಸಾಲು. 4417. ಪಡೆದವರ ಹೆಸರು: ಸುಶೀಲವ್ವ. ಪಕ್ಕದ ಅಂಕಣದಲ್ಲಿ ಸಂಬಂಧ ಎಂದಿತ್ತು. ಅದರ ಕೆಳಗೆ ಎರಡನೆಯ ಇಯತ್ತೆಗೆ ಶಾಲೆ ಬಿಟ್ಟವಳ ದಪ್ಪ ಅಕ್ಷರದಲ್ಲಿ, ಗೆರೆಯಿಂದ ಹೊರಗೆ ಚಾಚಿಕೊಂಡು ಬರೆದಿತ್ತು: ತಂಗಿ.

ಚಹಾ ತಂದಿಟ್ಟ ಗುಲಾಮಹುಸೇನ ಅಲ್ಲೇ ನಿಂತಿದ್ದ. ಕುಬೇರಪ್ಪ ತಲೆ ಎತ್ತಿ ಅವನನ್ನು ನೋಡಿದ. ಗುಲಾಮಹುಸೇನ, ‘ಸಾವ್ಕಾರ್ರ, ನಿಮ್ಮೋರ ಮನಿ ಯಾವ್ದೈತಿ ಅಂತ ಕೇಳಿದ. ಇದ್ದದ್ದ ಹೇಳೀನ್ರಿ. ಆಕಿ ನಿಮ್ಮ ತಂಗಿ ಅಲ್ಲೇನ್ರಿ?’ ಎಂದು ಖಾಲಿ ತಟ್ಟೆ ಹಿಡಿದುಕೊಂಡು ಹೋದ.

ಹೊಳೆಯಪ್ಪ ಮೊದಲ ಸಲ ಬಾಯಿ ಬಿಟ್ಟ. ಅಮಾವಾಸ್ಯೆಯ ದಿನ ನಾನು, ಕುಬೇರಪ್ಪನವರ ಪಾರ್ಸಲ್, ಮುಂಬಯಿಯಿಂದ ಬಂದದ್ದು ಎಂದಷ್ಟೇ ಹೇಳಿ ಸಹಿ ತೆಗೆದುಕೊಂಡು ಬಸ್ಸಿಗೆ ಓಡಿದೆ. ಚೌತಿಯ ದಿನ ಹೋಗಿ, ಕುಬೇರಪ್ಪನವರ ಡಬ್ಬಿ ಕೊಡ್ರಿ, ಅಂಗಡಿಗೆ ಮುಟ್ಟಿಸಬೇಕು ಎಂದರೆ, ಅದು ಆಗಲೇ ದಾರ ಕಟ್ಟಿ ಕಟ್ಟೆಯ ಮೇಲೆ ತಯಾರಿತ್ತು. ಆ ತಾಯಿ, ಯಾರ ಕೈಯಲ್ಲಿ ಕಳಿಸುವುದು ಎಂದು ಯೋಚನೆ ಮಾಡುತ್ತಿದ್ದೆ, ದೇವರು ಬಂದಂತೆ ಬಂದೆ ಎಂದು ನನಗೂ ಎರಡು ಉಂಡಿ ಕೊಟ್ಟರು. ಇಷ್ಟು ಹೇಳಿ ಹೊಳೆಯಪ್ಪ ಮೂಗು ಒರೆಸಿಕೊಂಡ.

ತವರಿನಿಂದ ಡಬ್ಬಿ ಬಂದರೆ ಅದನ್ನು ಬರಿದಾಗಿ ಮರಳಿಸುವ ಹೆಂಗಸು ನಮ್ಮ ಸೀಮೆಯಲ್ಲಿ ಹುಟ್ಟಿಲ್ಲ. ಒಂದು ಹಿಡಿ ಜೋಳವಾದರೂ ಹಾಕಿಯೇ ಕೊಡುತ್ತಾಳೆ; ಪಂಚಮಿ ಹೊತ್ತಿಗೆ ಉಂಡಿ ಹಾಕುತ್ತಾಳೆ. ಕುಬೇರಪ್ಪನ ತಾಯಿಯೂ ಹಾಗೇ ಮಾಡುತ್ತಿದ್ದಳು. ಕುಬೇರಪ್ಪ ಅದನ್ನು ನೋಡುತ್ತಲೇ ಬೆಳೆದವನು. ಹಾಗಿದ್ದೂ ತೂಕ ಮಾಡಿದ, ಎಣಿಸಿದ, ಪಟ್ಟಿ ಮಾಡಿದ. ಒಂದೂ ಹೊಳೆಯಲಿಲ್ಲ.

ಲಕ್ಷ್ಮಪ್ಪ ಚಹಾ ಮುಗಿಸಿ ಎದ್ದ. ಇನ್ನು ತಡ ಬೇಡ, ಈಗಲೇ ಆ ಮನೆಗೆ ಹೋಗೋಣ ಎಂದ. ಸೀರೆ ಕೊಟ್ಟರೆ ಪಂಚನಾಮೆ ಮಾಡಿ ತರುತ್ತೇನೆ, ಕೊಡದಿದ್ದರೆ ನೀವು ಬರೆದಂತೆ ಕುಂದಗೋಳದ ಪೊಲೀಸ್ ಠಾಣೆಗೆ ದೂರು ಕೊಡೋಣ, ಟೈಪು ಮಾಡಿಸಿಕೊಂಡೇ ಬಂದಿದ್ದೇನೆ, ಇಲ್ಲೊಂದು ಸಹಿ ಹಾಕ್ರಿ. ಹಾಳೆ ಮುಂದೆ ಬಂತು, ಮೇಲೆ ಪೆನ್ನೂ ಬಂತು.

ಕುಬೇರಪ್ಪ ಪೆನ್ನು ಮುಟ್ಟಲಿಲ್ಲ. ಇವರು ಹಿಂದಿನ ಓಣಿಗೆ ಹೋಗಿ ಬಾಗಿಲು ಬಡಿಯುವುದು ಅವನ ಕಣ್ಣಿಗೆ ಕಟ್ಟಿತು. ನಿಮ್ಮಣ್ಣ ನಿಮಗೆ ಕಳಿಸಿದ್ದಲ್ಲವಂತೆ, ಕೊಡ್ರಿ ಎನ್ನುತ್ತಾರೆ. ಅವಳು ಒಳಗೆ ಹೋಗಿ ಒಂದೊಂದಾಗಿ ತಂದು ಹೊರಗಿಡುತ್ತಾಳೆ. ಅಷ್ಟಾದ ಮೇಲೆ ಈ ಜನ್ಮದಲ್ಲಿ ಅವಳ ಮುಖ ನೋಡುವ ಮಾತಿಲ್ಲ. ಅವನು ಡಬ್ಬಿಯಿಂದ ಒಂದು ರವೆ ಉಂಡಿ ತೆಗೆದು ಬಾಯಿಗೆ ಹಾಕಿಕೊಂಡ.

ಪುರಾವೆ ಎಂದು ಲಕ್ಷ್ಮಪ್ಪ ಕೈ ಎತ್ತಿದ, ಅಷ್ಟರಲ್ಲಿ ಅರ್ಧ ಹೋಗಿತ್ತು.

ಉಂಡಿಯ ನಡುವೆ ಒಂದು ಮೆಣಸಿನ ಕಾಳು ಹಲ್ಲಿಗೆ ಸಿಕ್ಕಿತು. ಶ್ರಾವಣದ ಥಂಡಿಗೆ ಮಕ್ಕಳಿಗೆ ಕೆಮ್ಮು ಬರಬಾರದೆಂದು ಅವನ ತಾಯಿ ಪ್ರತಿ ರವೆ ಉಂಡಿಯೊಳಗೂ ಒಂದೊಂದು ಮೆಣಸು ಹುದುಗಿಸುತ್ತಿದ್ದಳು. ಕುಬೇರಪ್ಪ ಚಿಕ್ಕವನಿದ್ದಾಗ ಅದನ್ನು ಉಗುಳುತ್ತಿದ್ದ. ಸುಶೀಲಿ, ಅಣ್ಣ ಮೆಣಸು ಉಗುಳಿದ ಎಂದು ಚಾಡಿ ಹೇಳುತ್ತಿದ್ದಳು. ಈಗ ಅವನು ಉಗುಳಲಿಲ್ಲ. ಕಣ್ಣಲ್ಲಿ ನೀರು ಬಂತು. ಮೆಣಸಿಗೆ ಬಂತೆಂದು ಲಕ್ಷ್ಮಪ್ಪ ತಿಳಿದು ನೀರಿನ ಲೋಟ ಮುಂದೆ ಸರಿಸಿದ.

‘ಮಾಲು ಮುಟ್ಟೈತ್ರಿ’ ಎಂದ ಕುಬೇರಪ್ಪ.

‘ಎಲ್ಲಿ ಮುಟ್ಟೈತಿ?’

‘ಎಲ್ಲಿ ಮುಟ್ಟಬೇಕಿತ್ತೋ ಅಲ್ಲೇ. ಆ ಸೀರಿ ನನ್ನ ತಂಗೀವು.’

ಲಕ್ಷ್ಮಪ್ಪ ಫೈಲು ಬಿಚ್ಚಿದ. ಬುಕಿಂಗ್ ರಸೀದಿಯಲ್ಲಿ ನಿಮ್ಮ ಹೆಸರಿದೆ, ಬಿಲ್ಲಿನಲ್ಲಿ ನಿಮ್ಮ ಹೆಸರಿದೆ, ನೀವೇ ರಿಜಿಸ್ಟರ್ ಪತ್ರ ಬರೆದು ಪೊಲೀಸರ ಕೆಳಗೆ ಗೆರೆ ಎಳೆದಿದ್ದೀರಿ. ಈಗ ತಂಗಿಯವು ಎಂದರೆ ಕಂಪನಿ ಏನು ಮಾಡಬೇಕು? ಫೈಲು ಮುಚ್ಚಬೇಕಾದರೆ ತಪ್ಪು ಯಾರದೆಂದು ಅದರಲ್ಲಿ ಇರಬೇಕು. ಹೊಳೆಯಪ್ಪನದೆಂದರೆ ಅವನ ಕೆಲಸ ಹೋಗುತ್ತದೆ, ಅಷ್ಟೇ. ಬಾಯಲ್ಲಿ ಹೇಳಿದರೆ ನಡೆಯುವುದಿಲ್ಲ ಎಂದ ಲಕ್ಷ್ಮಪ್ಪ, ‘ಬರದು ಕೊಡ್ರಿ.’

ಈ ಮಾತನ್ನು ಕುಬೇರಪ್ಪ ಊರಿನವರಿಗೆಲ್ಲ ಹೇಳಿದ್ದ. ಅವನಿಗೆ ಯಾರೂ ಹೇಳಿರಲಿಲ್ಲ. ಶಂಕ್ರಪ್ಪ ಮಾಸ್ತರನ್ನು ಕರೆಯಲೇನು ಎಂದು ನೀಲಕ್ಕ ಕೇಳಿದಳು. ಬೇಡವೆಂದು ತಲೆಯಾಡಿಸಿ, ಅಂಗಡಿಯ ಹೆಸರು ಅಚ್ಚಾದ ಹಾಳೆಯೊಂದನ್ನು ತಾನೇ ತೆಗೆದುಕೊಂಡ. ತುಂಬ ಹೊತ್ತು ಬರೆದ. ಬರೆದದ್ದು ಇಷ್ಟೇ:

‘ಪಾರ್ಸಲ್ ನಂಬರು 4417ರ ಆರು ಸೀರೆ ನನ್ನ ತಂಗಿ ಸುಶೀಲವ್ವನಿಗೆ ಸರಿಯಾಗಿ ಮುಟ್ಟಿರುತ್ತವೆ. ಅವು ಅವಳಿಗೇ ಸೇರಬೇಕಾದವು. ವಿಳಾಸ ಬರೆಸುವಾಗ ಅವಳ ಹೆಸರು ಬರೆಸುವುದನ್ನು ಬಿಟ್ಟಿದ್ದೆ. ಉಂಡಿಗಳು ನನಗೇ ಬಂದವು. ನಿಮ್ಮ ಮನುಷ್ಯನದು ಏನೂ ತಪ್ಪಿಲ್ಲ. ಮೊದಲ ಪತ್ರ ರದ್ದು. ತಪ್ಪು ನನ್ನದು.’

ಸಹಿ ಹಾಕಿದ. ಗೆರೆ ಎಳೆಯಲಿಲ್ಲ, ಚುಕ್ಕಿಯನ್ನೂ ಇಡಲಿಲ್ಲ.

ಲಕ್ಷ್ಮಪ್ಪ ಅದನ್ನು ಎರಡು ಸಲ ಓದಿ ಫೈಲಿಗೆ ಸೇರಿಸಿ, ಪುರಾವೆಯನ್ನು ಕಂಪನಿ ವಶಕ್ಕೆ ತೆಗೆದುಕೊಳ್ಳುವ ಅಗತ್ಯ ಇನ್ನಿಲ್ಲ ಎಂದ. ಹೇಳುತ್ತ ಡಬ್ಬಿಯ ಕಡೆ ನೋಡಿದ. ನೀಲಕ್ಕ ಇಬ್ಬರಿಗೂ ಎರಡೆರಡು ಉಂಡಿ ಕಾಗದದಲ್ಲಿ ಕಟ್ಟಿಕೊಟ್ಟಳು. ಹೊಳೆಯಪ್ಪ ತನ್ನದನ್ನು ಚೀಲದ ಒಳಜೇಬಿನಲ್ಲಿ, ಡೆಲಿವರಿ ಹಾಳೆಗಳ ಜೊತೆ ಇಟ್ಟುಕೊಂಡ.

ಅವರು ಬಸ್ಸು ಹತ್ತಿದ ಮೇಲೆ ಕುಬೇರಪ್ಪ ಹೆಂಡತಿಗೆ, ನಿನಗೆ ಮೊದಲೇ ಗೊತ್ತಿತ್ತಲ್ಲ, ಹೇಳಬಾರದಿತ್ತೇ ಎಂದು ಸಿಟ್ಟು ಮಾಡಲು ನೋಡಿದ. ಸಿಟ್ಟು ಬರಲಿಲ್ಲ. ಉಂಡಿ ಸುಶೀಲವ್ವನದೆಂದಷ್ಟೇ ಗೊತ್ತಾಯಿತು, ಸೀರೆಯ ಸಂಗತಿ ನನಗೇನು ಗೊತ್ತು ಎಂದಳು ನೀಲಕ್ಕ. ಮೂರು ಸಲ ತಿನ್ನಿರೆಂದು ಹೇಳಿದೆ ಎಂದೂ ನೆನಪಿಸಿದಳು. ಆಮೇಲೆ ಡಬ್ಬಿಯಲ್ಲಿ ಉಳಿದ ಉಂಡಿಯನ್ನೆಲ್ಲ ಬುಟ್ಟಿಗೆ ಸುರಿದು, ಬರಿದಾದ ಡಬ್ಬಿಯನ್ನು ಗಂಡನ ಮುಂದೆ ಹಾಸಿನ ಮೇಲೆ ಇಟ್ಟಳು.

ಡಬ್ಬಿಯನ್ನು ಬರಿದಾಗಿ ಕಳಿಸುವ ಹಾಗಿರಲಿಲ್ಲ. ಕುಬೇರಪ್ಪ ಗಲ್ಲೆಯಿಂದ ಮುಂಬಯಿಯ ಬಿಲ್ಲು ತೆಗೆದು ಸೀರೆಗಳ ಬಣ್ಣ ಓದಿಕೊಂಡ. ಕೇಸರಿ, ಗಿಳಿ ಹಸಿರು, ನ್ಯಾರಳೆ, ನೀಲಿ, ಗುಲಾಬಿ, ಬಿಳಿ. ಒಂದೊಂದಕ್ಕೂ ಹೊಂದುವ ಕುಬಸದ ಖಣ ಹುಡುಕಿದ. ನ್ಯಾರಳೆಗೆ ಹೊಂದುವ ಖಣ ಸಿಗದೆ ಮಾಳಿಗೆಯ ಗಂಟುಗಳನ್ನೆಲ್ಲ ಬಿಚ್ಚಿಸಿದ. ಗಿರಾಕಿಗೆ ಇಷ್ಟು ಚಂದ ಅವನು ಯಾವತ್ತೂ ತೋರಿಸಿದ್ದಿಲ್ಲ. ಆರು ಖಣ ಡಬ್ಬಿಯಲ್ಲಿಟ್ಟ, ನೀಲಕ್ಕ ಮೇಲೆ ಅಕ್ಕಿ, ಉತ್ತತ್ತಿ, ಅರಿಷಿನ ಕುಂಕುಮದ ಪೊಟ್ಟಣ ಇಟ್ಟಳು. ಅಷ್ಟರಲ್ಲಿ ಗೌಡರ ಸೊಸೆ ಬಂದು ಮುಂಬಯಿಯ ಸೀರೆ ಸಿಕ್ಕವೇ ಎಂದು ಕೇಳಿದಳು. ಅವು ಮಾರುವ ಸೀರೆಯಲ್ಲ ಎಂದು ಅಂಗಡಿಯ ಬಾಗಿಲು ಹಾಕಿದ.

ಹಿಂದಿನ ಓಣಿ ನೂರು ಹೆಜ್ಜೆಯ ದಾರಿ. ಕುಬೇರಪ್ಪ ಡಬ್ಬಿ ಹಿಡಿದು ಮುಂದೆ, ನೀಲಕ್ಕ ಹಿಂದೆ. ಗುಲಾಮಹುಸೇನ ಪಾತ್ರೆಯ ನೀರು ಹಿಡಿದು ಹೊರಗೆ ಬಂದವನು ಇವರನ್ನು ಕಂಡು ಚೆಲ್ಲದೆ ನಿಂತ.

ಸುಶೀಲವ್ವ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಹೆಸರುಕಾಳು ಹಸನು ಮಾಡುತ್ತಿದ್ದಳು. ಹಳೆಯ ಇಲಕಲ್ ಸೀರೆ ಉಟ್ಟಿದ್ದಳು. ತೆರೆದ ಬಾಗಿಲೊಳಗೆ, ದೇವರ ಜಗುಲಿಯ ಪಕ್ಕದ ಮಣೆಯ ಮೇಲೆ ಆರು ಸೀರೆ ಒಂದರ ಮೇಲೊಂದು ಇದ್ದವು. ಒಂದರ ಮಡಿಕೆಯೂ ಬಿಚ್ಚಿರಲಿಲ್ಲ. ಅಣ್ಣನ ಸೀರೆಯನ್ನು ಅಣ್ಣ ಬಂದು ಕೊಟ್ಟು, ಅತ್ತಿಗೆ ಉಡಿ ತುಂಬಿದ ಮೇಲೆ ಉಡಬೇಕೆಂದು ಅವಳು ಹಾಗೇ ಇಟ್ಟುಕೊಂಡಿದ್ದಳು. ಪಂಚಮಿ ಕಾದಳು, ಪಂಚಮಿಯಾದ ಮೇಲೆ ಒಂಬತ್ತು ದಿನ ಕಾದಳು. ಆ ಒಂಬತ್ತು ದಿನ ಅಣ್ಣ ಇರುವೆ ಬಾರದಂತೆ ಉಂಡಿ ಕಾಯುತ್ತ ಕೂತಿದ್ದ.

ಅವಳು ಮೊರ ಕೆಳಗಿಟ್ಟಳು. ಕುಬೇರಪ್ಪ ಡಬ್ಬಿ ಮುಂದೆ ಚಾಚಿದ. ಅವಳು ಮುಚ್ಚಳ ತೆಗೆದು ಖಣಗಳನ್ನು ನೋಡಿ, ಬೆರಳಿನಿಂದ ಒಂದೊಂದನ್ನೂ ಸರಿಸಿ ಎಣಿಸಿದಳು.

‘ಬರೇ ಸೀರಿ ಬಂದ್ವು, ಖಣಾ ಬರಲಿಲ್ಲ. ಇನ್ನೂ ಅರ್ಧಾ ಸಿಟ್ಟು ಉಳದೈತಿ ಅನ್ಕೊಂಡಿದ್ನಿ, ಯಣ್ಣಾ’ ಎಂದಳು.

ಕುಬೇರಪ್ಪ ಚಪ್ಪಲಿ ಬಿಟ್ಟು ಹೊಸ್ತಿಲ ಬಳಿ ನಿಂತ. ನೀಲಕ್ಕ ಅವನನ್ನು ಮೆಲ್ಲಗೆ ಒಳಗೆ ತಳ್ಳಿದಳು. ಸುಶೀಲವ್ವ ಒಳಗೆ ಹೋಗಿ ಸೀರೆಗಳ ಮುಂದೆ ಕೂತಳು, ಮೇಲಿನದನ್ನು ಸವರಿದಳು.

‘ಆರು ಪಂಚಮಿ ಆತು, ಆರು ಸೀರಿ ಕಳಿಸಿದಿ. ನಾ ಒಬ್ಬಾಕಿನ ಎಣಸಾಕತ್ತೀನಿ ಅಂತ ತಿಳದಿದ್ನಿ. ನೀನೂ ಲೆಕ್ಕಾ ಇಟ್ಟಿದ್ದೇನು?’

ಉಂಡಿಯವರೆಗೆ ಎಲ್ಲವನ್ನೂ ಎಣಿಸಿದ ಕುಬೇರಪ್ಪ ಅದೊಂದನ್ನು ಎಣಿಸಿರಲಿಲ್ಲ. ಮಣೆಯ ಮೇಲಿನ ಸೀರೆಗಳನ್ನು ಈಗ ಎಣಿಸಿದ. ಆರೇ ಇದ್ದವು.

‘ಹೂಂ’ ಎಂದ.